ಸಾವಿರ ಎಂದರೆ ಯಾರ ಸಾವಿರ?

ಚಿತ್ರದುರ್ಗ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ವರದಿಯ ಕರಡು ಪರಿಶೀಲನೆಗೆಂದು ನನ್ನ ಮೇಜಿಗೆ ಬಂದಿತ್ತು. ಅದರ ನಾಲ್ಕನೇ ಪುಟದಲ್ಲಿ ಒಂದು ಪೈ ನಕ್ಷೆ. ವೃತ್ತ ಹೆಚ್ಚುಕಡಿಮೆ ಪೂರ್ತಿಯಾಗಿ ಒಂದೇ ಬಣ್ಣ, ಅದರೊಳಗೆ ಎಳೆಯಷ್ಟು ತೆಳುವಾದ ಇನ್ನೊಂದು ಬಣ್ಣ. ಕೆಳಗೆ ಹೀಗೆ ಬರೆದಿತ್ತು: ‘ಮಹಿಳೆಯರು ಶೇ. 97.4, ಪುರುಷರು ಶೇ. 2.6’.

ಕರಡು ತಂದಿದ್ದ ಹುಡುಗ ಜಾಣ. ಕೂಡುವುದು, ಕಳೆಯುವುದು ಎಲ್ಲವನ್ನೂ ಎರಡೆರಡು ಸಲ ನೋಡಿದ್ದ. ‘ಮೇಡಂ, ಜಿಲ್ಲೆಯ ಲಿಂಗಾನುಪಾತ 974. ಸಾವಿರದ ಲೆಕ್ಕವನ್ನು ನೂರಕ್ಕೆ ಇಳಿಸಬೇಕಾದರೆ ಹತ್ತರಿಂದ ಭಾಗಿಸಬೇಕಲ್ಲವೇ?’ ಎಂದು ಕೇಳಿದ. ಭಾಗಾಕಾರ ಸರಿಯಾಗಿಯೇ ಇತ್ತು. ಸಾವಿರ ಎಂದರೆ ಯಾರ ಸಾವಿರ ಎಂಬುದನ್ನು ಮಾತ್ರ ಅವನು ಕೇಳಿಕೊಂಡಿರಲಿಲ್ಲ. ಅಂಕಿಅಂಶ ವಿಭಾಗದಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ಹೇಳುತ್ತೇನೆ, ಇದೇ ತಪ್ಪು ಇಷ್ಟು ಎದ್ದು ಕಾಣದ ರೂಪಗಳಲ್ಲಿ ದೊಡ್ಡ ದೊಡ್ಡ ವರದಿಗಳಲ್ಲೂ ಕುಳಿತಿರುತ್ತದೆ.

2011ರ ಜನಗಣತಿಯನ್ನೇ ತೆಗೆದುಕೊಳ್ಳೋಣ. ಚಿತ್ರದುರ್ಗ ಜಿಲ್ಲೆಯಲ್ಲಿ ಪುರುಷರು 8,40,843, ಮಹಿಳೆಯರು 8,18,613, ಒಟ್ಟು 16,59,456. ಲಿಂಗಾನುಪಾತ ಎಂದರೆ ನಮ್ಮ ದೇಶದಲ್ಲಿ ಸಾವಿರ ಪುರುಷರಿಗೆ ಎಷ್ಟು ಮಹಿಳೆಯರು ಎಂಬ ಲೆಕ್ಕ. ಮಹಿಳೆಯರ ಸಂಖ್ಯೆಯನ್ನು ಪುರುಷರ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ 974 ಬರುತ್ತದೆ. ಛೇದದಲ್ಲಿ ಇರುವವರು ಪುರುಷರು ಮಾತ್ರ, ಮಹಿಳೆಯರು ಅಲ್ಲಿಲ್ಲ. ಹೀಗಾಗಿ ಹತ್ತರಿಂದ ಭಾಗಿಸಿ ಬಂದ 97.4ಕ್ಕೂ ಒಂದು ಅರ್ಥವಿದೆ: ಮಹಿಳೆಯರ ಸಂಖ್ಯೆ ಪುರುಷರ ಸಂಖ್ಯೆಯ ಶೇ. 97.4ರಷ್ಟು. ಜನಸಂಖ್ಯೆಯ ಶೇ. 97.4 ಅಲ್ಲ.

ಜನಸಂಖ್ಯೆಯಲ್ಲಿ ಮಹಿಳೆಯರ ಪಾಲು ಬೇಕಿದ್ದರೆ ಛೇದದೊಳಗೆ ಇಬ್ಬರನ್ನೂ ಕೂಡಿಸಬೇಕು. ಸಾವಿರ ಪುರುಷರು, ಜೊತೆಗೆ 974 ಮಹಿಳೆಯರು, ಒಟ್ಟು 1974 ಜನ. 974ನ್ನು 1974ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 49.34. ನೇರವಾಗಿ ತಲೆ ಎಣಿಕೆಯಿಂದ ಲೆಕ್ಕ ಹಾಕಿದರೆ ಶೇ. 49.33 ಬರುತ್ತದೆ. ಆ ಸಣ್ಣ ವ್ಯತ್ಯಾಸಕ್ಕೆ ಕಾರಣ 974 ಎಂಬುದೇ ಪೂರ್ಣಾಂಕಕ್ಕೆ ಸರಿಪಡಿಸಿದ ಸಂಖ್ಯೆಯಾಗಿರುವುದು.

ಇದೇ ಗೊಂದಲ ‘ಕೊರತೆ’ಯ ಮಾತು ಬಂದಾಗಲೂ ಕಾಡುತ್ತದೆ. ‘ಸಾವಿರ ಜನರಿಗೆ 26 ಹೆಣ್ಣುಮಕ್ಕಳು ಕಡಿಮೆ’ ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ಜಿಲ್ಲೆಯಲ್ಲಿ ಪುರುಷರಿಗಿಂತ ಮಹಿಳೆಯರು 22,230 ಮಂದಿ ಕಡಿಮೆ. ಅದು ಸಾವಿರ ಪುರುಷರಿಗೆ 26, ಸಾವಿರ ಜನರಿಗೆ 13. ಸಂಗತಿ ಒಂದೇ ಆದರೂ ಛೇದ ಬದಲಾದ ಕೂಡಲೇ ಸಂಖ್ಯೆ ಅರ್ಧಕ್ಕೆ ಇಳಿಯಿತು. ಹೆಣ್ಣುಮಕ್ಕಳ ಸಂಖ್ಯೆಯ ವಿಷಯ ಇಷ್ಟು ಗಂಭೀರವಾಗಿರುವಾಗ ಯಾವ ಸಾವಿರ ಎಂದು ಹೇಳದೆ ಸಂಖ್ಯೆ ಒಗೆದು ಹೋಗುವುದು ನನಗೆ ಸಹನೆಯಾಗುವುದಿಲ್ಲ.

ಹಾಗಾದರೆ ಎಲ್ಲರಿಗೂ ತಿಳಿಯುವ ಶೇಕಡಾವನ್ನೇ ಏಕೆ ಬಳಸಬಾರದು ಎಂದು ಹುಡುಗ ಕೇಳಿದ. ಕಾಗದದ ಮೇಲೆ ಹಿಂದುಮುಂದಾಗಿ ಮಾಡಿ ತೋರಿಸಿದೆ. ಶೇಕಡಾ ಪಾಲಿನಿಂದ ಲಿಂಗಾನುಪಾತಕ್ಕೆ ಮರಳಬೇಕಾದರೆ ಮಹಿಳೆಯರ ಪಾಲನ್ನು ಪುರುಷರ ಪಾಲಿನಿಂದ ಭಾಗಿಸಿ ಸಾವಿರದಿಂದ ಗುಣಿಸಬೇಕು. 49.33ನ್ನು 50.67ರಿಂದ ಭಾಗಿಸಿದರೆ ಮತ್ತೆ 974 ಸಿಗುತ್ತದೆ. ಒಂದೇ ದಶಮಾಂಶ ಇಟ್ಟುಕೊಂಡು 49.3 ಎಂದು ಬರೆದಿದ್ದರೆ 972 ಆಗುತ್ತದೆ. ದಶಮಾಂಶವೇ ಬೇಡವೆಂದು ‘ಶೇ. 49’ ಎಂದು ಬರೆದಿದ್ದರೆ 961ಕ್ಕೆ ಕುಸಿಯುತ್ತದೆ. ಐವತ್ತರ ಆಸುಪಾಸಿನಲ್ಲಿ ಪಾಲು 0.1ರಷ್ಟು ಅಲುಗಿದರೆ ಲಿಂಗಾನುಪಾತ ಸುಮಾರು 4 ಅಂಶ ಅಲುಗುತ್ತದೆ. ಹತ್ತು ವರ್ಷಗಳ ನಡುವೆ ಒಂದು ಜಿಲ್ಲೆಯಲ್ಲಿ ಆಗಬಹುದಾದ ಬದಲಾವಣೆಯನ್ನು ಒಂದು ಪೂರ್ಣಾಂಕದ ಶೇಕಡಾ ನುಂಗಿಬಿಡಬಲ್ಲದು. ಸಾವಿರದ ಲೆಕ್ಕ ಬಂದಿರುವುದು ದಶಮಾಂಶದಲ್ಲಿ ಅಡಗುವುದನ್ನು ಪೂರ್ಣ ಸಂಖ್ಯೆಯಲ್ಲಿ ಕಾಣಿಸಲು.

ಹೊರದೇಶಗಳ ವರದಿ ಓದುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ಅಲ್ಲಿ ನೂರು ಹೆಣ್ಣಿಗೆ ಎಷ್ಟು ಗಂಡು ಎಂದು ಬರೆಯುವ ರೂಢಿ. ಜನನದ ಹೊತ್ತಿನಲ್ಲಿ ಸಹಜವಾಗಿಯೇ ಗಂಡು ಮಕ್ಕಳು ಸ್ವಲ್ಪ ಹೆಚ್ಚು, ನೂರು ಹೆಣ್ಣಿಗೆ ಸುಮಾರು 105. ನಮ್ಮ ಭಾಷೆಗೆ ತಂದರೆ ಅದು ಸಾವಿರ ಗಂಡಿಗೆ 952 ಹೆಣ್ಣು. ಆದ್ದರಿಂದ ಜನನದ ಲಿಂಗಾನುಪಾತ ಸಾವಿರ ಮುಟ್ಟಲಿಲ್ಲ ಎಂಬುದೊಂದನ್ನೇ ಹಿಡಿದು ಅನುಮಾನಪಡಬಾರದು. 900ರ ಕೆಳಗೆ ಬಂದು, ಎಣಿಕೆಯೂ ದೊಡ್ಡದಿದ್ದರೆ, ಆಗ ಖಂಡಿತವಾಗಿ ಪ್ರಶ್ನೆ ಕೇಳಬೇಕು.

ಜನನ ಪ್ರಮಾಣದಲ್ಲಿ ಮಾತ್ರ ಹುಡುಗನ ಹತ್ತರ ಭಾಗಾಕಾರ ನೇರವಾಗಿ ನಡೆಯುತ್ತದೆ. ಅಲ್ಲಿ ಛೇದದಲ್ಲಿ ಇರುವುದು ವರ್ಷದ ನಡುಭಾಗದ ಪೂರ್ಣ ಜನಸಂಖ್ಯೆ. ಲೆಕ್ಕಕ್ಕೆಂದು 6,000 ಜನರಿರುವ ಒಂದು ಪಂಚಾಯಿತಿ ಇಟ್ಟುಕೊಳ್ಳೋಣ. ವರ್ಷದಲ್ಲಿ 96 ಜನನ, 42 ಮರಣ. ಜನನ ಪ್ರಮಾಣ ಸಾವಿರಕ್ಕೆ 16, ಮರಣ ಪ್ರಮಾಣ ಸಾವಿರಕ್ಕೆ 7. ಎರಡರ ಕೆಳಗೂ ಅದೇ 6,000 ಇರುವುದರಿಂದ ಒಂದರಿಂದ ಒಂದನ್ನು ಕಳೆಯಬಹುದು. ಸಹಜ ಬೆಳವಣಿಗೆ ಸಾವಿರಕ್ಕೆ 9, ಅಂದರೆ ಶೇ. 0.9.

ಅದೇ ಊರಿನಲ್ಲಿ ಒಂದು ವರ್ಷ ತುಂಬುವ ಮೊದಲೇ ಇಬ್ಬರು ಶಿಶುಗಳು ತೀರಿಕೊಂಡರೆ ಶಿಶು ಮರಣ ಪ್ರಮಾಣ ಸಾವಿರಕ್ಕೆ ಸುಮಾರು 21. ಜನನ ಪ್ರಮಾಣ 16, ಶಿಶು ಮರಣ 21, ‘ಹುಟ್ಟುವವರಿಗಿಂತ ಸಾಯುವ ಶಿಶುಗಳೇ ಹೆಚ್ಚು’ ಎಂದು ಗಾಬರಿಯಿಂದ ಫೋನ್ ಮಾಡಿದವರಿದ್ದಾರೆ. ಆ 21ರ ಕೆಳಗಿರುವುದು ಸಾವಿರ ಜನರಲ್ಲ, ಸಾವಿರ ಸಜೀವ ಜನನಗಳು. ಜನಸಂಖ್ಯೆಯ ಮೇಲೆ ಲೆಕ್ಕ ಹಾಕಿದರೆ ಆ ಎರಡು ಸಾವುಗಳು ಸಾವಿರಕ್ಕೆ 0.33 ಅಷ್ಟೇ. ಛೇದ ಬೇರೆ ಇರುವ ಎರಡು ಪ್ರಮಾಣಗಳನ್ನು ಕೂಡುವಂತಿಲ್ಲ, ಕಳೆಯುವಂತಿಲ್ಲ.

ಇಷ್ಟು ಸಣ್ಣ ಊರಿನ ಲೆಕ್ಕದಲ್ಲಿ ಇನ್ನೊಂದು ಅಪಾಯವಿದೆ. ಆ 96 ಮಕ್ಕಳಲ್ಲಿ 50 ಗಂಡು, 46 ಹೆಣ್ಣಾದರೆ ಜನನದ ಲಿಂಗಾನುಪಾತ 920. ಒಂದೇ ಒಂದು ಮಗು ಗಂಡಿನ ಬದಲು ಹೆಣ್ಣಾಗಿದ್ದರೆ 959. ಒಂದು ಮನೆಯ ತೊಟ್ಟಿಲು 39 ಅಂಶ ಅಲುಗಿಸುವ ಊರಿನಲ್ಲಿ ಒಂದು ವರ್ಷದ ಸಂಖ್ಯೆಯನ್ನು ಹಿಡಿದು ಊರಿನವರನ್ನು ಹೊಗಳುವುದೂ ಬೈಯುವುದೂ ಅನ್ಯಾಯ. ಐದಾರು ವರ್ಷಗಳ ಜನನಗಳನ್ನು ಕೂಡಿಸಿ ನಂತರ ಭಾಗಿಸಬೇಕು. ವರ್ಷವರ್ಷದ ಅನುಪಾತಗಳನ್ನು ಕೂಡಿಸಿ ಸರಾಸರಿ ತೆಗೆಯಬಾರದು.

ಮೇಲಿನ 96 ಆ ಊರಿನವರ ಹೆರಿಗೆಗಳೇ ಎಂಬುದನ್ನೂ ನೋಡಬೇಕು. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಸ್ಥಳದಲ್ಲಿ. ಹೊಳಲ್ಕೆರೆ ಕಡೆಯ ಹೆಣ್ಣುಮಗಳು ದಾವಣಗೆರೆಯ ಆಸ್ಪತ್ರೆಯಲ್ಲಿ ಹೆತ್ತರೆ ಆ ಜನನ ದಾವಣಗೆರೆಯ ಪುಸ್ತಕ ಸೇರುತ್ತದೆ, ಆಕೆ ಮಾತ್ರ ತನ್ನ ಊರಿನ ಜನಸಂಖ್ಯೆಯಲ್ಲೇ ಉಳಿಯುತ್ತಾಳೆ. ಮೊದಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಪದ್ಧತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಹಳ್ಳಿಯ ಜನನ ಪ್ರಮಾಣ ಸಾವಿರಕ್ಕೆ ಐದಾರು ಎಂದೂ ನಗರದ್ದು ನಂಬಲಾಗದಷ್ಟು ಎತ್ತರ ಎಂದೂ ಕಂಡರೆ ನಾನು ಮೊದಲು ಹುಡುಕುವುದು ಈ ಕಾರಣವನ್ನು. ತಾಯಿಯ ಕಾಯಂ ವಿಳಾಸದ ಪ್ರಕಾರ ಮರುವಿಂಗಡಿಸಿದರೆ ಎರಡೂ ಸಂಖ್ಯೆಗಳು ಹದಕ್ಕೆ ಬರುತ್ತವೆ.

ಹುಡುಗ ಕರಡನ್ನು ತಿದ್ದಿಕೊಂಡು ವಾರದ ನಂತರ ಬಂದ. ಪೈ ನಕ್ಷೆಯ ಎರಡು ಬಣ್ಣಗಳು ಬಹುತೇಕ ಸಮವಾಗಿದ್ದವು. ಪ್ರತಿ ಕೋಷ್ಟಕದ ತಲೆಬರಹದಲ್ಲೂ ‘ಸಾವಿರಕ್ಕೆ’ ಎಂಬುದನ್ನು ಪೆನ್ನಿನಿಂದ ಹೊಡೆದು ‘ಸಾವಿರ ಪುರುಷರಿಗೆ’, ‘ಸಾವಿರ ಜನಸಂಖ್ಯೆಗೆ’, ‘ಸಾವಿರ ಸಜೀವ ಜನನಗಳಿಗೆ’ ಎಂದು ಬರೆದಿದ್ದ.