ಛೇದದಲ್ಲಿ ವರ್ಗಪದ ಬಂದಾಗ: ಟ್ಯಾನ್ ಇನ್ವರ್ಸೋ, ಲಾಗೋ?

ದ್ವಿತೀಯ ಪಿಯುಸಿಯ ಅನುಕಲನ ಅಧ್ಯಾಯದಲ್ಲಿ ಬರುವಂಥ ಮೂರು ಲೆಕ್ಕಗಳನ್ನು ಒಂದರ ಕೆಳಗೊಂದು ಬರೆದು ನೋಡಿ.

∫ dx/(2x² + 6x + 17)

∫ dx/(2x² + 6x − 8)

∫ dx/(2x² + 6x + 9/2)

ಮೂರರಲ್ಲೂ 2x² + 6x ಇದೆ, ಬದಲಾಗಿರುವುದು ಕೊನೆಯ ಸಂಖ್ಯೆ ಮಾತ್ರ. ಆದರೂ ಮೊದಲನೆಯದಕ್ಕೆ ಉತ್ತರ tan⁻¹, ಎರಡನೆಯದಕ್ಕೆ log, ಮೂರನೆಯದಕ್ಕೆ ಇವೆರಡೂ ಅಲ್ಲದ ಒಂದು ಭಿನ್ನರಾಶಿ. ಸೂತ್ರಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ: ಯಾವ ಸೂತ್ರ ಹಾಕಬೇಕೆಂದು ಪ್ರಶ್ನೆಯ ಮುಖ ನೋಡಿ ಊಹಿಸಲು ಹೋಗುತ್ತಾರೆ. ಊಹೆ ಬೇಕಿಲ್ಲ. ವರ್ಗ ಪೂರ್ಣಗೊಳಿಸಿದ ಮೇಲೆ ಉಳಿಯುವ ಸಂಖ್ಯೆಯ ಚಿಹ್ನೆಯೇ ದಾರಿ ಹೇಳುತ್ತದೆ.

ಮೊದಲನೆಯದನ್ನು ನಿಧಾನವಾಗಿ ಮಾಡೋಣ. x² ನ ಸಹಗುಣಕ 2. ಅದನ್ನು ಮೊದಲು ಹೊರಗೆ ತೆಗೆಯಬೇಕು, ತೆಗೆಯದೆ ಮುಂದಕ್ಕೆ ಹೋಗಬಾರದು.

2x² + 6x + 17 = 2[x² + 3x + 17/2]

ಈಗ ಆವರಣದೊಳಗೆ x ನ ಸಹಗುಣಕ 3. ಅದರ ಅರ್ಧ 3/2, ಆ ಅರ್ಧದ ವರ್ಗ 9/4. ಇದನ್ನು ಕೂಡಿಸಿ, ಅಷ್ಟನ್ನೇ ಕಳೆಯಿರಿ.

x² + 3x + 17/2 = (x + 3/2)² − 9/4 + 34/4 = (x + 3/2)² + 25/4

ಉಳಿದದ್ದು +25/4, ಧನ ಸಂಖ್ಯೆ. ಅಂದರೆ u = x + 3/2 ಎಂದಿಟ್ಟರೆ ಛೇದ u² + a² ರೂಪದಲ್ಲಿದೆ, a = 5/2. ಇಲ್ಲಿಗೆ (1/a) tan⁻¹(u/a) ಸೂತ್ರ.

(1/2) · (2/5) · tan⁻¹[(x + 3/2)/(5/2)] + C = (1/5) tan⁻¹[(2x + 3)/5] + C

ಮುಂದೆ ಇರುವ 1/2 ನಾವು ಹೊರಗೆ ತೆಗೆದ 2 ರಿಂದ ಬಂದದ್ದು, 2/5 ಬಂದದ್ದು 1/a ಯಿಂದ. ತಪ್ಪು ಉತ್ತರಗಳಲ್ಲಿ ಇವೆರಡರಲ್ಲಿ ಒಂದು ಕಾಣೆಯಾಗಿರುವುದೇ ಹೆಚ್ಚು. ಇನ್ನೊಂದು ಸಾಮಾನ್ಯ ತಪ್ಪು, a ಜಾಗದಲ್ಲಿ 25/4 ಅನ್ನೇ ಹಾಕಿಬಿಡುವುದು. 25/4 ಎನ್ನುವುದು a², a ಅಲ್ಲ.

ಎರಡನೆಯ ಲೆಕ್ಕಕ್ಕೂ ಇದೇ ಕೆಲಸ. 2 ಹೊರಗೆ ತೆಗೆದರೆ ಒಳಗಿರುವುದು x² + 3x − 4. ವರ್ಗ ಪೂರ್ಣಗೊಳಿಸಿದರೆ (x + 3/2)² − 25/4. ಉಳಿದದ್ದು ಈ ಸಲ ಋಣ. ಛೇದ u² − a², ಆದ್ದರಿಂದ ಸೂತ್ರ (1/2a) log|(u − a)/(u + a)|. 2a = 5, ಮುಂದಿನ 1/2 ಸೇರಿ 1/10.

(1/10) log|(x − 1)/(x + 4)| + C

ಮೂರನೆಯದರಲ್ಲಿ ಒಳಗಿರುವುದು x² + 3x + 9/4, ಅಂದರೆ (x + 3/2)². ಉಳಿಯುವುದು ಸೊನ್ನೆ. 1/u² ನ ಅನುಕಲನ −1/u, ಹಾಗಾಗಿ ಉತ್ತರ −1/(2x + 3) + C. ಇಲ್ಲಿ ಯಾವ ವಿಶೇಷ ಸೂತ್ರವೂ ಬೇಡ.

ಚಿಹ್ನೆಗೆ ಯಾಕಿಷ್ಟು ಬೆಲೆ? ಉಳಿದ ಸಂಖ್ಯೆ ಧನವಾಗಿದ್ದರೆ ಛೇದ ಎಂದೂ ಸೊನ್ನೆಯಾಗುವುದಿಲ್ಲ. ರೇಖೆ ಒಂದು ದಿಬ್ಬದ ಹಾಗೆ ಏರಿ ಎರಡೂ ಕಡೆ ಇಳಿಯುತ್ತದೆ, ಅದರ ಕೆಳಗಿನ ವಿಸ್ತೀರ್ಣಕ್ಕೊಂದು ಮಿತಿಯಿರುತ್ತದೆ. tan⁻¹ ಗೂ ಅದೇ ಗುಣ, −π/2 ಮತ್ತು π/2 ದಾಟಿ ಅದು ಹೋಗುವುದೇ ಇಲ್ಲ. ಉಳಿದ ಸಂಖ್ಯೆ ಋಣವಾದರೆ ಛೇದಕ್ಕೆ ಎರಡು ಮೂಲಗಳಿರುತ್ತವೆ, ನಮ್ಮ ಲೆಕ್ಕದಲ್ಲಿ 1 ಮತ್ತು −4. ಆ ಬಿಂದುಗಳ ಹತ್ತಿರ ಫಲನ 1/x ನಂತೆ ಸಿಡಿಯುತ್ತದೆ. 1/x ನ ಅನುಕಲನ log ತಾನೇ, ಅದಕ್ಕೇ ಇಲ್ಲಿ log. ಮೂಲಗಳು ಸುಲಭವಾಗಿ ಕಣ್ಣಿಗೆ ಬಿದ್ದರೆ ವರ್ಗ ಪೂರ್ಣಗೊಳಿಸುವ ಗೋಜೂ ಬೇಡ, ಭಾಗಶಃ ಭಿನ್ನರಾಶಿಗಳಾಗಿ ಒಡೆದರೂ ಇದೇ ಉತ್ತರ ಬರುತ್ತದೆ. ಮೂಲಗಳು √7 ನಂಥವಾದರೆ ಮಾತ್ರ ವರ್ಗ ಪೂರ್ಣಗೊಳಿಸುವುದೇ ಹಗುರ.

ಭಿನ್ನರಾಶಿಗಳ ಕಾಟ ಬೇಡ ಅನ್ನುವವರಿಗೆ ಹಳೆಯ ದಾರಿಯೊಂದಿದೆ. ವರ್ಗಸಮೀಕರಣ ಬಿಡಿಸಲು ಶ್ರೀಧರಾಚಾರ್ಯರು ಹೇಳಿದ ಕ್ರಮವನ್ನು ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ ಉಲ್ಲೇಖಿಸುತ್ತಾರೆ: ವರ್ಗದ ಸಹಗುಣಕದ ನಾಲ್ಕರಷ್ಟರಿಂದ ಎಲ್ಲವನ್ನೂ ಗುಣಿಸು, ಆಮೇಲೆ ವರ್ಗ ಪೂರ್ಣಗೊಳಿಸು. ನಮ್ಮ ಮೊದಲ ಲೆಕ್ಕದಲ್ಲಿ 4 × 2 = 8 ರಿಂದ ಗುಣಿಸೋಣ.

8(2x² + 6x + 17) = 16x² + 48x + 136 = (4x + 6)² + 100

ಎಲ್ಲೂ ಅರ್ಧ, ಕಾಲು ಬರಲಿಲ್ಲ. ಛೇದವನ್ನು 8 ರಿಂದ ಗುಣಿಸಿದ್ದರಿಂದ ಅಂಶಕ್ಕೂ 8 ಬರಬೇಕು. u = 4x + 6 ಎಂದಿಟ್ಟರೆ du = 4 dx, ಹಾಗಾಗಿ 8 dx = 2 du.

2 ∫ du/(u² + 100) = (2/10) tan⁻¹(u/10) = (1/5) tan⁻¹[(2x + 3)/5] + C

ಈ ದಾರಿಯಲ್ಲಿ ಕೈಕೊಡುವುದು ಒಂದೇ ಜಾಗ: u ಬಳಸಿದ ಮೇಲೆ dx ಗೆ 1/4 ಬರುವುದನ್ನು ಮರೆಯುವುದು. ಆ 100 ಎಲ್ಲಿಂದ ಬಂತು ಎಂದು ಗಮನಿಸಿ. ಶೋಧಕ b² − 4ac = 36 − 136 = −100. ವರ್ಗದ ಜೊತೆ ಕೂಡುವುದು ಯಾವಾಗಲೂ ಶೋಧಕದ ವಿರುದ್ಧ ಚಿಹ್ನೆಯ ಸಂಖ್ಯೆ. ಆದ್ದರಿಂದ ಪೆನ್ನು ಕಾಗದಕ್ಕೆ ಇಡುವ ಮೊದಲೇ ಶೋಧಕ ನೋಡಿದರೆ ಉತ್ತರ ಯಾವ ಜಾತಿಯದು ಎಂದು ಗೊತ್ತಾಗಿಬಿಡುತ್ತದೆ: ಋಣವಾದರೆ tan⁻¹, ಧನವಾದರೆ log.

ಚಿಹ್ನೆ ತಪ್ಪಿದರೆ ಉತ್ತರದ ಜಾತಿಯೇ ಬದಲಾಗುವುದನ್ನು x² ಋಣವಾಗಿರುವ ಲೆಕ್ಕದಲ್ಲಿ ಚೆನ್ನಾಗಿ ಕಾಣಬಹುದು. ∫ dx/(7 − 6x − x²) ತೆಗೆದುಕೊಳ್ಳಿ. ಛೇದ 7 − (x² + 6x). ಆವರಣದೊಳಗೆ 9 ಕೂಡಿಸಿದರೆ, ಮುಂದೆ ಋಣ ಚಿಹ್ನೆ ಇರುವುದರಿಂದ, ನಾವು ನಿಜವಾಗಿ 9 ಕಳೆದ ಹಾಗಾಯಿತು. ಹೊರಗೆ 9 ಕೂಡಿಸಿ ಸರಿದೂಗಿಸಬೇಕು.

7 − (x² + 6x + 9) + 9 = 16 − (x + 3)²

ಉತ್ತರ (1/8) log|(7 + x)/(1 − x)| + C. ಆದರೆ ಅಭ್ಯಾಸಬಲದಿಂದ “9 ಕೂಡಿಸಿದೆ, ಹೊರಗೆ 9 ಕಳೆಯುತ್ತೇನೆ” ಎಂದವರಿಗೆ ಸಿಗುವುದು −2 − (x + 3)². ಅದರಿಂದ ಋಣ ಚಿಹ್ನೆ ಹೊರಗೆ ತೆಗೆದರೆ (x + 3)² + 2, ಅಂದರೆ tan⁻¹! ಮುಂದಿನ ಹೆಜ್ಜೆಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆದರೂ ಉಪಯೋಗವಿಲ್ಲ. ಇದನ್ನು ಹಿಡಿಯಲು ಹತ್ತು ಸೆಕೆಂಡು ಸಾಕು: x = 0 ಹಾಕಿ ನೋಡಿ. ಮೂಲ ಛೇದ 7. ಸರಿಯಾದ ರೂಪ 16 − 9 = 7. ತಪ್ಪು ರೂಪ −2 − 9 = −11. ವರ್ಗ ಪೂರ್ಣಗೊಳಿಸಿದ ಪ್ರತಿ ಸಲವೂ ಈ ಪರೀಕ್ಷೆ ಮಾಡಿಕೊಳ್ಳಿ.

ಅಂಶದಲ್ಲಿ x ಇದ್ದರೆ ಎರಡೂ ಬಗೆಯ ಉತ್ತರ ಒಟ್ಟಿಗೆ ಬರಬಹುದು. ∫ (6x + 11)/(2x² + 6x + 17) dx ನೋಡಿ. ಛೇದದ ಅವಕಲನ 4x + 6. ಅಂಶವನ್ನು ಅದರ ಮೂಲಕ ಬರೆಯಬೇಕು: 6x ಬರಲು 4x + 6 ನ ಒಂದೂವರೆಯಷ್ಟು ಬೇಕು, ಅದು 6x + 9. ಇನ್ನು ಉಳಿದದ್ದು 2.

6x + 11 = (3/2)(4x + 6) + 2

ಮೊದಲ ಭಾಗದಲ್ಲಿ ಅಂಶವು ಛೇದದ ಅವಕಲನವೇ ಆದ್ದರಿಂದ ನೇರವಾಗಿ log. ಎರಡನೆಯ ಭಾಗ ನಾವು ಆಗಲೇ ಮಾಡಿದ ಲೆಕ್ಕದ ಎರಡರಷ್ಟು.

(3/2) log(2x² + 6x + 17) + (2/5) tan⁻¹[(2x + 3)/5] + C

ಇಲ್ಲಿ log ಗೆ ಮಾಡ್ಯುಲಸ್ ಹಾಕದಿದ್ದರೂ ನಡೆಯುತ್ತದೆ, ಒಳಗಿರುವುದು ಎಂದೂ ಋಣವಾಗುವುದಿಲ್ಲ. ಈ log ಅನ್ನು ಶೋಧಕದ log ಜೊತೆ ಬೆರೆಸಬೇಡಿ: ಇದು ಬಂದದ್ದು ಅಂಶದ x ನಿಂದ, ಶೋಧಕ ಋಣವೇ ಇದೆ. ಅಂಶದಲ್ಲಿ x² ಅಥವಾ ಅದಕ್ಕಿಂತ ಹೆಚ್ಚಿನ ಘಾತ ಇದ್ದರೆ ಮೊದಲು ಭಾಗಾಕಾರ ಮಾಡಿ, ಶೇಷಕ್ಕೆ ಈ ಕ್ರಮ. ಛೇದ ವರ್ಗಮೂಲದೊಳಗಿದ್ದರೆ ವರ್ಗ ಪೂರ್ಣಗೊಳಿಸುವುದು ಹೀಗೆಯೇ, ಆದರೆ ಆಮೇಲಿನ ಸೂತ್ರಗಳು ಬೇರೆ. √(u² + a²) ಕಂಡ ಕೂಡಲೇ tan⁻¹ ಬರೆಯುವವರಿದ್ದಾರೆ, ಅಲ್ಲಿ ಬರುವುದು log.

ಮಿತಿಗಳಿರುವ ಅನುಕಲನಕ್ಕೆ ಬಂದರೆ ಉತ್ತರವನ್ನು ಅಂದಾಜಿನಿಂದಲೂ ಅಳೆಯಬಹುದು. ಮೊದಲ ಲೆಕ್ಕವನ್ನು x = −3/2 ರಿಂದ 1 ರವರೆಗೆ ತೆಗೆದುಕೊಂಡರೆ (2x + 3)/5 ಸೊನ್ನೆಯಿಂದ 1 ಕ್ಕೆ ಹೋಗುತ್ತದೆ, ಉತ್ತರ (1/5)(π/4) = π/20, ಸುಮಾರು 0.157. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಅದು 45 ಅನ್ನು 5 ರಿಂದ ಭಾಗಿಸಿ 9 ಎನ್ನುತ್ತದೆ. ಯಾವುದು ಸರಿ? ಛೇದದ ಕನಿಷ್ಠ ಬೆಲೆ x = −3/2 ನಲ್ಲಿ 12.5, ಅಂದರೆ ಫಲನದ ಗರಿಷ್ಠ ಎತ್ತರ 0.08. ಇನ್ನೊಂದು ತುದಿಯಲ್ಲಿ, x = 1 ರಲ್ಲಿ, 1/25 = 0.04. ಅಗಲ 2.5. ಹಾಗಾಗಿ ವಿಸ್ತೀರ್ಣ 0.1 ಮತ್ತು 0.2 ರ ನಡುವೆಯೇ ಇರಬೇಕು. 9 ಬರಲು ಸಾಧ್ಯವೇ ಇಲ್ಲ.

log ಬರುವ ಲೆಕ್ಕದಲ್ಲಿ ಅಪಾಯ ಬೇರೆ ಥರದ್ದು. ∫ dx/(2x² + 6x − 8) ಅನ್ನು 0 ಯಿಂದ 2 ರವರೆಗೆ ಕೇಳಿದರು ಎನ್ನೋಣ. ಸೂತ್ರಕ್ಕೆ ಮಿತಿಗಳನ್ನು ಹಾಕಿದರೆ (1/10)[log(1/6) − log(1/4)] = (1/10) log(2/3), ಸುಮಾರು −0.04 ಸಿಗುತ್ತದೆ. ಮಾಡ್ಯುಲಸ್ ಇರುವುದರಿಂದ ಎಲ್ಲೂ ತಕರಾರು ಕಾಣದು. ಆದರೆ x = 1 ಎರಡು ಮಿತಿಗಳ ನಡುವೆಯೇ ಇದೆ, ಅಲ್ಲಿ ಛೇದ ಸೊನ್ನೆ. 1 ಕ್ಕೆ ಹತ್ತಿರವಾದಂತೆ ಎಡಕ್ಕೆ ವಿಸ್ತೀರ್ಣ ಋಣ ಅನಂತದ ಕಡೆಗೂ ಬಲಕ್ಕೆ ಧನ ಅನಂತದ ಕಡೆಗೂ ಓಡುತ್ತದೆ, ಆ ಅನುಕಲನಕ್ಕೆ ಬೆಲೆಯೇ ಇಲ್ಲ. ಆದ್ದರಿಂದ ಶೋಧಕ ಧನ ಎಂದು ಕಂಡ ಕೂಡಲೇ ಎರಡು ಮೂಲಗಳನ್ನು ಅಂಚಿನಲ್ಲಿ ಬರೆದುಕೊಂಡು, ಅವು ಮಿತಿಗಳ ಒಳಗೆ ಬೀಳುತ್ತವೆಯೇ ಎಂದು ನೋಡಿ. ಬಿದ್ದರೆ ಮಿತಿಗಳನ್ನು ಹಾಕುವ ಹೆಜ್ಜೆಗೆ ಹೋಗಲೇಬೇಡಿ.