ನಟ್ ಸಡಿಲವಾದರೂ ಬ್ಯಾಟರಿ ಕ್ಲ್ಯಾಂಪ್ ಬರ್ತಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಬಹುದಾ?

ಪ್ರಶ್ನೆ: ಕಾರಿನ ಬ್ಯಾಟರಿಯ ಪಾಸಿಟಿವ್ ಕ್ಲ್ಯಾಂಪ್ ಮೇಲೆ ಹಸಿರು-ನೀಲಿ ಪುಡಿ ಕಟ್ಟಿದೆ. ನಟ್ ಪೂರ್ತಿ ಸಡಿಲ ಮಾಡಿದರೂ ಅಲ್ಲಾಡುತ್ತಿಲ್ಲ. ಕೆಳಗಿಂದ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಲಾ?

ಉತ್ತರ: ದಯವಿಟ್ಟು ಬೇಡ. ಹಾಗೆ ಮೀಟಿದರೆ ಪೂರ್ತಿ ಬಲ ಬ್ಯಾಟರಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬೀಳುತ್ತದೆ. ಕ್ಲ್ಯಾಂಪ್ ಕೂತಿರುವ ಗೂಟ, ಅಂದರೆ ಪೋಸ್ಟ್, ಸೀಸದ್ದು, ಮೆದು ಲೋಹ. ಅದು ಮುಚ್ಚಳದಿಂದ ಹೊರಬರುವ ಜಾಗದಲ್ಲಿರುವ ಸೀಲ್ ಬಿಟ್ಟುಕೊಂಡರೆ ಅಲ್ಲಿಂದ ಆಸಿಡ್ ಜಿನುಗುತ್ತದೆ. ಸುತ್ತಿಗೆಯಿಂದ ತಟ್ಟುವುದು, ಕೇಬಲ್ ಹಿಡಿದು ತಿರುಚುವುದು ಕೂಡ ಬೇಡ. ತಿರುಚಿದರೆ ಪೋಸ್ಟ್ ಒಳಗಿನ ಜೋಡಣೆ ಮುರಿಯಬಹುದು, ಕೇಬಲ್ ಕ್ಲ್ಯಾಂಪಿನಿಂದ ಕಿತ್ತು ಬರಬಹುದು.

ಮೊದಲು ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ ಪಕ್ಕಕ್ಕೆ ಸರಿಸಿ. ಅದು ಬಿಚ್ಚಿದ್ದರೆ, ಪಾಸಿಟಿವ್ ಕಡೆ ಕೆಲಸ ಮಾಡುವಾಗ ಸ್ಪ್ಯಾನರ್ ಕಾರಿನ ಬಾಡಿಗೆ ತಗುಲಿದರೂ ಶಾರ್ಟ್ ಆಗುವುದಿಲ್ಲ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಹತ್ತಿರ ಬೆಂಕಿ, ಕಿಡಿ ಇರಬಾರದು.

ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ, ಹಳೇ ಬ್ರಷ್‌ನಲ್ಲಿ ಅದ್ದಿ ಪುಡಿಯ ಮೇಲೆ ಹಚ್ಚಿ. ನೊರೆ ಉಕ್ಕುತ್ತದೆ. ನೊರೆ ಬರುವುದು ನಿಲ್ಲುವ ತನಕ ಹಚ್ಚುತ್ತಾ ಇರಿ, ಆಮೇಲೆ ಒರೆಸಿ. ಲೋಟವನ್ನೇ ಸುರಿಯಬೇಡಿ. ಸೋಡಾ ನೀರು ಬ್ಯಾಟರಿಯ ಗಾಳಿ ತೂತಿನೊಳಗೆ ಹೋದರೆ ಒಳಗಿನ ಆಸಿಡ್ ಕೆಡುತ್ತದೆ.

ಇನ್ನು ಮುಖ್ಯ ಕೆಲಸ. ಕ್ಲ್ಯಾಂಪಿನ ಬಾಯಿ ಸೀಳಿದಂತೆ ಇರುತ್ತದೆ ಅಲ್ವಾ? ಜಾಸ್ತಿ ಜನ ನಟ್ ಸಡಿಲ ಮಾಡಿ ಸುಮ್ನೆ ಎಳೀತಾರೆ, ಆ ಸೀಳನ್ನು ಅಗಲಿಸುವುದೇ ಇಲ್ಲ. ಚಪ್ಪಟೆ ಸ್ಕ್ರೂಡ್ರೈವರ್ ತುದಿಯನ್ನು ಸೀಳಿನೊಳಗೆ ಇಟ್ಟು ಮೆಲ್ಲಗೆ ತಿರುಗಿಸಿ. ಕೂದಲೆಳೆಯಷ್ಟು ಅಗಲವಾದರೂ ಸಾಕು. ಅದರಾಚೆ ಒತ್ತಾಯ ಮಾಡಿದರೆ ಸೀಸದ ಕ್ಲ್ಯಾಂಪ್ ಬಿರುಕು ಬಿಡುತ್ತದೆ. ಈಗ ಕೇಬಲ್ ಬಿಟ್ಟು ಕ್ಲ್ಯಾಂಪನ್ನೇ ಎರಡೂ ಬದಿ ಹಿಡಿದು ನೇರ ಮೇಲಕ್ಕೆ ಎತ್ತಿ. ಪೋಸ್ಟ್ ಮೇಲೆ ಹೋದಂತೆ ಸಣ್ಣದಾಗುತ್ತದೆ. ಹಾಗಾಗಿ ಒಂದೆರಡು ಮಿಲಿಮೀಟರ್ ಎದ್ದರೆ ಸಾಕು, ಉಳಿದದ್ದು ಸಲೀಸಾಗಿ ಬರುತ್ತದೆ.

ಆಗಲೂ ಬರದಿದ್ದರೆ ಬ್ಯಾಟರಿ ಟರ್ಮಿನಲ್ ಪುಲ್ಲರ್ ತನ್ನಿ. ಅದರ ಎರಡು ಕೊಕ್ಕೆ ಕ್ಲ್ಯಾಂಪಿನ ಅಡಿ ಹಿಡಿಯುತ್ತವೆ, ನಡುವಿನ ಸ್ಕ್ರೂ ಪೋಸ್ಟಿನ ತಲೆ ಮೇಲೆ ಒತ್ತುತ್ತದೆ. ಮುಚ್ಚಳದ ಮೇಲೆ ಭಾರ ಬೀಳುವುದೇ ಇಲ್ಲ. ಸ್ಕ್ರೂ ಪೋಸ್ಟಿನ ನಟ್ಟನಡುವೆ ಕೂತಿದೆಯಾ ನೋಡಿಕೊಂಡು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ನಿಮ್ಮ ನಟ್ ಸಡಿಲವಾಗಿದೆ, ಒಳ್ಳೆಯದೇ. ಅದೂ ತುಕ್ಕು ಹಿಡಿದು ಕೂತಿದ್ದರೆ, ಬೋಲ್ಟಿನ ತಲೆಯನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದೇ ನಟ್ ತಿರುಗಿಸಬೇಕು. ಇಲ್ಲದಿದ್ದರೆ ತಿರುಚುವ ಬಲ ಪೋಸ್ಟಿಗೇ ಹೋಗುತ್ತದೆ.

ಕ್ಲ್ಯಾಂಪ್ ಬಂದ ಮೇಲೆ ಪೋಸ್ಟನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. ಅದು ಅಲುಗಿದರೆ, ಅಥವಾ ಒರೆಸಿದ ಮೇಲೂ ಅದರ ಬುಡದಲ್ಲಿ ಮತ್ತೆ ಒದ್ದೆಯಾದರೆ, ಆ ಬ್ಯಾಟರಿಯನ್ನು ಬದಲಿಸಿ.