ನೆಪೋಲಿಯನ್ ಸೋತಿದ್ದು ರಷ್ಯಾದ ಚಳಿಗೋ, ಬಂಡಿಯ ಲೆಕ್ಕಕ್ಕೋ?

ಓದುಗರ ಪ್ರಶ್ನೆ: 1812ರಲ್ಲಿ ಅಷ್ಟು ದೊಡ್ಡ ಫ್ರೆಂಚ್ ಸೈನ್ಯ ನಾಶವಾದದ್ದು ರಷ್ಯಾದ ಚಳಿಯಿಂದಲೇ ಅಲ್ಲವೇ?

ಅಲ್ಲ. ಈ ಪ್ರಶ್ನೆಗೆ ಹಿಂದೆಯೂ ಹಲವು ಸಲ ಉತ್ತರಿಸಿದ್ದೇನೆ; ಆದರೂ ಅದು ಮತ್ತೆ ಮತ್ತೆ ಬರುತ್ತಲೇ ಇರುವುದರಿಂದ ಈ ಬಾರಿ ತಾರೀಖುಗಳನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ. ಸೈನ್ಯ ರಷ್ಯಾದ ಗಡಿಯಲ್ಲಿದ್ದ ನೀಮನ್ ನದಿಯನ್ನು ದಾಟತೊಡಗಿದ್ದು ಜೂನ್ 24ರಂದು. ಮಾಸ್ಕೋ ತಲುಪಿದ್ದು ಸೆಪ್ಟೆಂಬರ್ 14ರಂದು. ಅಲ್ಲಿಂದ ಹಿಂದಿರುಗಲು ಹೊರಟದ್ದು ಅಕ್ಟೋಬರ್ 19ರಂದು. ಹಿಮ ಬೀಳತೊಡಗಿದ್ದು ನವೆಂಬರ್ ಮೊದಲ ವಾರದಲ್ಲಿ. ಷಾರ್ಲ್ ಮಿನಾರ್ 1869ರಲ್ಲಿ ರಚಿಸಿದ ಪ್ರಸಿದ್ಧ ನಕ್ಷೆಯ ಪ್ರಕಾರ ನದಿ ದಾಟಿದವರು 4,22,000 ಮಂದಿ, ಮಾಸ್ಕೋ ಸೇರಿದವರು 1,00,000 ಮಂದಿ. ವ್ಯತ್ಯಾಸದ ಮೂರು ಲಕ್ಷಕ್ಕೂ ಹೆಚ್ಚು ಜನರೆಲ್ಲ ಸತ್ತರೆಂದಲ್ಲ. ಸಾವಿರಾರು ಮಂದಿಯನ್ನು ದಾರಿಯ ಕಾವಲಿಗೂ ಪಕ್ಕದ ರಂಗಗಳಿಗೂ ಬಿಡಲಾಗಿತ್ತು, ಕಾಯಿಲೆ ಬಿದ್ದವರೂ ದಂಡು ಬಿಟ್ಟು ಓಡಿದವರೂ ಬಹಳವಿದ್ದರು. ಆದರೂ ಸೈನ್ಯದ ಬಹುಪಾಲು ಕರಗಿದ್ದು ಬೇಸಿಗೆಯ ಬಿಸಿಲಿನಲ್ಲಿ, ಹಿಮದ ಒಂದು ಹನಿಯೂ ಬೀಳುವ ಮೊದಲು ಎಂಬುದರಲ್ಲಿ ಅನುಮಾನವಿಲ್ಲ.

ಹಾಗಿದ್ದರೆ ನೆಪೋಲಿಯನ್ ಸಿದ್ಧತೆಯಿಲ್ಲದೆ ಹೊರಟನೇ ಎಂದರೆ, ಅದೂ ಸರಿಯಲ್ಲ. ಬಾಲ್ಟಿಕ್ ತೀರದ ಡಾಂಜಿಗ್ ಬಂದರಿನ ಉಗ್ರಾಣಗಳಲ್ಲಿ ನಾಲ್ಕು ಲಕ್ಷ ಸೈನಿಕರಿಗೂ ಐವತ್ತು ಸಾವಿರ ಕುದುರೆಗಳಿಗೂ 50 ದಿನಕ್ಕಾಗುವಷ್ಟು ದವಸವನ್ನು ಕೂಡಿಡಲು ಅವನು ಆಜ್ಞೆ ಮಾಡಿದ್ದ. ತೊಡಕಿದ್ದದ್ದು ದವಸದಲ್ಲಲ್ಲ, ಅದನ್ನು ಸಾಗಿಸುವುದರಲ್ಲಿ. ಫ್ರೆಂಚರ ದೊಡ್ಡ ಬಂಡಿಯೊಂದು ನಾಲ್ಕು ಕುದುರೆಗಳ ಬಲದಿಂದ ಸುಮಾರು 1,500 ಕಿಲೋ ಹೊರುತ್ತಿತ್ತು. ದುಡಿಯುವ ಕುದುರೆಗೆ ದಿನಕ್ಕೆ ಕಾಳು, ಒಣಹುಲ್ಲು ಸೇರಿ ಸುಮಾರು 10 ಕಿಲೋ ಬೇಕು ಎಂದಿಟ್ಟುಕೊಂಡರೆ ನಾಲ್ಕಕ್ಕೆ 40 ಕಿಲೋ. ದಾರಿಯಲ್ಲಿ ಮೇವು ಸಿಗದಿದ್ದರೆ, ಹತ್ತು ದಿನ ಹೋಗಿ ಹತ್ತು ದಿನ ವಾಪಸು ಬರುವಷ್ಟರಲ್ಲಿ ಕುದುರೆಗಳೇ 800 ಕಿಲೋ ತಿಂದಿರುತ್ತವೆ. ಸೈನಿಕನಿಗೆ ತಲುಪುವುದು 700 ಕಿಲೋ ಮಾತ್ರ. ಹೋಗುವ ದಾರಿ ಹತ್ತೊಂಬತ್ತು ದಿನಕ್ಕೆ ಮುಟ್ಟಿದರೆ ಬಂಡಿಯ ಹೊರೆಯೆಲ್ಲ ಅದನ್ನು ಎಳೆಯುವ ಕುದುರೆಗಳಿಗೇ ಸಾಲುವುದಿಲ್ಲ. ದಿನಕ್ಕೆ 20 ಕಿಲೋಮೀಟರಿನಂತೆ ಅದು 380 ಕಿಲೋಮೀಟರ್ ದೂರ. ನೀಮನ್‌ನಿಂದ ಮಾಸ್ಕೋಗೆ ಸುಮಾರು 900 ಕಿಲೋಮೀಟರ್ ಇದೆ.

ಈ ಲೆಕ್ಕ ಅವನಿಗೆ ತಿಳಿಯದೆ ಇರಲಿಲ್ಲ. ಹೊಲಗಳಲ್ಲಿ ಹುಲ್ಲು ಬೆಳೆದಿರಲಿ ಎಂದೇ ದಂಡಯಾತ್ರೆಯನ್ನು ಜೂನ್ ಕೊನೆಯವರೆಗೆ ತಡೆದಿದ್ದ, ಗಡಿಯ ಹತ್ತಿರವೇ ಒಂದು ದೊಡ್ಡ ಕಾಳಗದಲ್ಲಿ ಯುದ್ಧವನ್ನು ಮುಗಿಸಿಬಿಡುವ ಯೋಜನೆ ಹಾಕಿದ್ದ. ರಷ್ಯನ್ನರು ನಿಲ್ಲದೆ ಹಿಂದೆ ಸರಿದರು. ನದಿ ದಾಟಿ ಒಂದು ವಾರ ಕಳೆಯುವುದರೊಳಗೆ ವಿಲ್ನಾ ನಗರದ ಬಳಿ ಸುರಿದ ಬಿರುಮಳೆ ದಾರಿಗಳನ್ನು ಕೆಸರಾಗಿಸಿತು. ಕಲ್ಲು ಹಾಸಿದ ರಸ್ತೆಗೆಂದು ಮಾಡಿದ ಭಾರದ ಬಂಡಿಗಳು ಅಚ್ಚಿನವರೆಗೆ ಹೂತುಕೊಂಡವು. ಮೇವಿಲ್ಲದ ಕುದುರೆಗಳಿಗೆ ಹೊಲದ ಹಸಿ ರೈ ಪೈರನ್ನೇ ಕೊಯ್ದು ಹಾಕಿದರು. ಹೊಟ್ಟೆಯುಬ್ಬರಿಸಿ ಅವು ಸಾವಿರಗಟ್ಟಲೆ ಸತ್ತವು. ಕುದುರೆ ಸತ್ತಲ್ಲಿ ಬಂಡಿ ನಿಂತಿತು, ಬಂಡಿ ನಿಂತಲ್ಲಿ ರೊಟ್ಟಿಯೂ ನಿಂತಿತು. ಸೈನಿಕರು ಊಟ ಹುಡುಕುತ್ತ ಗುಂಪು ಗುಂಪಾಗಿ ದಾರಿ ಬಿಟ್ಟು ಚದುರಿದರು, ಕಂಡಲ್ಲಿ ನೀರು ಕುಡಿದರು, ಆಮಶಂಕೆಗೂ ಟೈಫಸ್‌ಗೂ ತುತ್ತಾದರು.

ಹಿಂದಿರುಗುವಾಗಿನ ಕಥೆಯೂ ಇದೇ. ದಕ್ಷಿಣದಲ್ಲಿ ಇನ್ನೂ ಲೂಟಿಯಾಗದ ಸೀಮೆಯ ಮೂಲಕ ಹೋಗಲೆಂದು ಹೊರಟ ಸೈನ್ಯ ಅಕ್ಟೋಬರ್ 24ರಂದು ಮಾಲೊಯಾರೊಸ್ಲಾವೆತ್ಸ್ ಪಟ್ಟಣದಲ್ಲಿ ಕಾದಾಡಿ ಪಟ್ಟಣವನ್ನೇನೋ ಹಿಡಿಯಿತು, ಆದರೆ ಮುಂದಿನ ದಾರಿ ತೆರೆಯಲಿಲ್ಲ. ಆದ್ದರಿಂದ ತಾವೇ ಬರಿದು ಮಾಡಿದ್ದ ಸ್ಮೊಲೆನ್‌ಸ್ಕ್ ದಾರಿಗೆ ಮರಳಬೇಕಾಯಿತು. ಚಳಿ ಎದುರಾದದ್ದು ಆಗಲೇ ಹಸಿದು ಬಡಕಲಾಗಿದ್ದ ಸೈನ್ಯಕ್ಕೆ. ಅದು ಕೊಂದದ್ದು ನಿಜ, ಬಹಳ ಜನರನ್ನೇ ಕೊಂದಿತು. ಆದರೆ ಅಲ್ಲಿಯೂ ಲಾಳವನ್ನು ಗಮನಿಸಬೇಕು. ಮಂಜುಗಡ್ಡೆಯ ಮೇಲೆ ಹಿಡಿತ ಸಿಗಲು ಲಾಳಕ್ಕೆ ಮೊನೆಗಳಿರಬೇಕು. ಫ್ರೆಂಚರ ಹೆಚ್ಚಿನ ಕುದುರೆಗಳಿಗೆ ಅಂಥ ಲಾಳವಿರಲಿಲ್ಲ. ಇಳಿಜಾರಿನಲ್ಲಿ ಜಾರಿ ಬಿದ್ದ ಕುದುರೆ ಮತ್ತೆ ಏಳುತ್ತಿರಲಿಲ್ಲ, ಅದರೊಂದಿಗೆ ತೋಪುಗಳೂ ಬಂಡಿಗಳೂ ಅಲ್ಲೇ ಉಳಿದವು.

ಇಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ರೈಲು ಬಂದ ಮೇಲೆ ಈ ಲೆಕ್ಕ ಬದಲಾಗಲಿಲ್ಲವೇ? ರೈಲಿನ ಎಂಜಿನ್ ತಾನು ಹೊತ್ತ ಧಾನ್ಯವನ್ನು ತಿನ್ನುವುದಿಲ್ಲ, ನಿಜ. ಆದರೆ ಅದು ಹಳಿ ಇರುವಲ್ಲಿಗೆ ಮಾತ್ರ ಹೋಗುತ್ತದೆ. 1941ರಲ್ಲಿ ಜರ್ಮನ್ನರು ಅದೇ ಮಾಸ್ಕೋದ ಕಡೆಗೆ ಹೊರಟಾಗ ಅವರ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್, ಸೋವಿಯತ್ ಹಳಿಗಳದು 1,524 ಮಿಲಿಮೀಟರ್. ಒಂದು ಬದಿಯ ಹಳಿಯನ್ನು ಕಿತ್ತು, ಒಳಕ್ಕೆ ಸರಿಸಿ, ಮತ್ತೆ ಮೊಳೆ ಹೊಡೆಯುತ್ತ ಮುಂದುವರಿಯಬೇಕಿತ್ತು. ಸೋವಿಯತ್ ಎಂಜಿನ್‌ಗಳು ಹೆಚ್ಚು ನೀರು ಹೊರುತ್ತಿದ್ದುದರಿಂದ ನೀರು ತುಂಬಿಸುವ ನಿಲ್ದಾಣಗಳೂ ಜರ್ಮನ್ ಎಂಜಿನ್‌ಗಳಿಗೆ ದೂರದೂರವಾದವು. ದಿನಕ್ಕೆ ಬರುವ ರೈಲುಗಳೇ ಕಡಿಮೆಯಾದಾಗ ಮದ್ದುಗುಂಡು, ಪೆಟ್ರೋಲುಗಳಿಗೆ ಮೊದಲ ಸ್ಥಾನ ಸಿಕ್ಕಿತು. ಜರ್ಮನ್ ಸೈನಿಕರು ಮಾಸ್ಕೋದ ಮುಂದೆ ತೆಳು ಕೋಟಿನಲ್ಲಿ ನಡುಗುತ್ತಿದ್ದಾಗ, ಅವರ ಚಳಿಗಾಲದ ಉಡುಪುಗಳಲ್ಲಿ ಬಹುಪಾಲು ರೈಲು ಸಿಗದೆ ಪೋಲೆಂಡಿನ ಉಗ್ರಾಣಗಳಲ್ಲಿ ಬಿದ್ದಿದ್ದವು.